ಕೈಗುಣವನ್ನು ಕಳೆದು ನೋಡುವ ಲೆಕ್ಕ

ಒಂದೇ ಮಳೆ, ಒಂದೇ ತಳಿಯ ಬೀಜ, ಬದುವಿನ ಆಚೆಗೊಂದು ಈಚೆಗೊಂದು ಹೊಲ. ಒಂದರಲ್ಲಿ ಎಕರೆಗೆ 12 ಕ್ವಿಂಟಾಲ್ ರಾಗಿ ಬಂದರೆ ಇನ್ನೊಂದರಲ್ಲಿ 6. ಹೀಗೇಕೆ ಎಂದು ಊರಿನಲ್ಲಿ ವಿಚಾರಿಸಿದರೆ ಬಹಳ ಸಲ ಸಿಗುವ ಉತ್ತರ ಒಂದೇ: ‘ಅದು ಅವರ ಕೈಗುಣ ಬಿಡಿ.’

ಈ ಕೈಗುಣ ಎಂಬ ಮಾತಿನೊಳಗೆ ಬೇಕಾದಷ್ಟು ಸಂಗತಿಗಳು ಅಡಗಿವೆ. ನೆಲ ಹದಕ್ಕೆ ಬಂದದ್ದನ್ನು ಕಾಲಿನಲ್ಲಿ ತುಳಿದೇ ತಿಳಿಯುವ ಅನುಭವ, ಕಳೆ ಮೊಳಕೆಯಲ್ಲಿರುವಾಗಲೇ ಕುಂಟೆ ಹೊಡೆಸುವ ಚುರುಕು, ಹೊಲದ ಯಾವ ಮೂಲೆಯಲ್ಲಿ ತೇವ ನಿಲ್ಲುತ್ತದೆಂಬ ಅರಿವು, ಕೂಗಿದರೆ ಓಡಿಬರುವ ನೆಂಟರು, ಅಜ್ಜನ ಕಾಲದಿಂದ ಕೆರೆಗೋಡು ಹೊಡೆದು ಹದಗೊಂಡ ಮಣ್ಣು. ಸಮೀಕ್ಷೆಗೆ ಬಂದವರ ಕೈಯಲ್ಲಿರುವ ನಮೂನೆಯಲ್ಲಿ ಜಮೀನು ಎಷ್ಟು, ಗೊಬ್ಬರ ಎಷ್ಟು, ಕೂಲಿಯಾಳು ಎಷ್ಟು ಎಂಬುದಕ್ಕೆಲ್ಲ ಕಾಲಂ ಇರುತ್ತದೆ. ಕೈಗುಣಕ್ಕೆ ಕಾಲಂ ಇರುವುದಿಲ್ಲ. ಇದ್ದರೂ ಅದರಲ್ಲಿ ಯಾವ ಅಂಕಿ ಬರೆಯಬೇಕೆಂದು ಯಾರಿಗೂ ಗೊತ್ತಿಲ್ಲ.

ಕಾಲಂ ಇಲ್ಲದಿರುವುದಷ್ಟೇ ಆಗಿದ್ದರೆ ತೊಂದರೆ ಇರಲಿಲ್ಲ. ನಿಜವಾದ ತೊಡಕು ಬೇರೆ. ಕೈಗುಣವಿರುವ ಮನೆಯವರೇ ಸಾಮಾನ್ಯವಾಗಿ ಹೆಚ್ಚು ಗೊಬ್ಬರವನ್ನೂ ಹಾಕುತ್ತಾರೆ. ಅವರಿಗೆ ಫಸಲು ಬರುವ ಭರವಸೆ ಇರುತ್ತದೆ, ದನಕರುಗಳೂ ಚೆನ್ನಾಗಿರುತ್ತವೆ. ಹಾಗಾಗಿ ‘ಹೆಚ್ಚು ಗೊಬ್ಬರ ಹಾಕಿದವರಿಗೆ ಹೆಚ್ಚು ಫಸಲು ಬಂತು’ ಎಂದು ಅಂಕಿಗಳು ಹೇಳುವಾಗ ಅದರಲ್ಲಿ ಗೊಬ್ಬರದ ಪಾಲೆಷ್ಟು, ಕೈಗುಣದ ಪಾಲೆಷ್ಟು ಎಂಬುದು ಬೆರೆತುಹೋಗಿರುತ್ತದೆ. ಹಾಲು ನೀರು ಬೆರೆತ ಮೇಲೆ ಚೊಂಬನ್ನು ಎಷ್ಟು ಸಲ ಅಳೆದರೂ ಹಾಲೆಷ್ಟು ಎಂದು ತಿಳಿಯುವುದಿಲ್ಲ.

ಕೃಷಿ ಅರ್ಥಶಾಸ್ತ್ರಜ್ಞರನ್ನು ಈ ತೊಡಕು ಬಹಳ ಕಾಲ ಕಾಡಿತು. ಇಸ್ರೇಲಿನ ಯಾಯಿರ್ ಮುಂಡ್ಲಾಕ್ 1961ರಲ್ಲಿ ‘ಜರ್ನಲ್ ಆಫ್ ಫಾರ್ಮ್ ಎಕನಾಮಿಕ್ಸ್’ ಪತ್ರಿಕೆಯಲ್ಲಿ ಬರೆದ ಒಂದು ಲೇಖನ ಅದನ್ನು ನೇರವಾಗಿ ಎದುರಿಸಿತು. ಲೇಖನದ ತಲೆಬರಹದಲ್ಲೇ ‘ಮ್ಯಾನೇಜ್‌ಮೆಂಟ್ ಬಯಾಸ್’ ಎಂಬ ಮಾತಿದೆ. ಬೇಸಾಯ ನಿಭಾಯಿಸುವ ಜಾಣ್ಮೆಯನ್ನು ಅಳೆಯಲಾಗದೆ ಬಿಟ್ಟುಬಿಟ್ಟರೆ ಲೆಕ್ಕ ಒಂದು ಕಡೆಗೆ ವಾಲುತ್ತದಲ್ಲ, ಆ ವಾಲಿಗೆ ಮುಂಡ್ಲಾಕ್ ಇಟ್ಟ ಹೆಸರು ಅದು. ಅವರ ಬಳಿ ಇದ್ದದ್ದು ಇಸ್ರೇಲಿನ 66 ರೈತ ಕುಟುಂಬಗಳ 1954ರಿಂದ 1958ರವರೆಗಿನ ಲೆಕ್ಕ. ಜಾಣ್ಮೆಯನ್ನು ಅಳೆಯುವ ಹೊಸ ಮಾಪನವನ್ನೇನೂ ಅವರು ಕಂಡುಹಿಡಿಯಲಿಲ್ಲ. ಅದನ್ನು ಅಳೆಯುವ ಅಗತ್ಯವೇ ಬೀಳದಂತೆ ಲೆಕ್ಕವನ್ನು ತಿರುಗಿಸಿದರು. ಒಂದು ಮನೆಯನ್ನು ಪಕ್ಕದ ಮನೆಯೊಂದಿಗೆ ಹೋಲಿಸುವ ಬದಲು, ಅದೇ ಮನೆಯ ಬೇರೆ ವರ್ಷದೊಂದಿಗೆ ಹೋಲಿಸಿದರು. ಈ ವಿಧಾನಕ್ಕೆ ಇಂದು ಫಿಕ್ಸೆಡ್ ಎಫೆಕ್ಟ್ಸ್, ಅಂದರೆ ‘ಸ್ಥಿರ ಪರಿಣಾಮ’ಗಳ ವಿಧಾನ ಎನ್ನುತ್ತಾರೆ.

ಇದಕ್ಕೆ ಬೇಕಾದ ಅಂಕಿಗಳು ಸುಲಭವಾಗಿ ಸಿಗುವಂಥವಲ್ಲ. ಒಂದೇ ಸಲ ಊರಿಗೆ ಹೋಗಿ ಸಾವಿರ ಮನೆ ಕೇಳಿ ಬಂದರೆ ಸಾಲದು. ಅವೇ ಮನೆಗಳಿಗೆ ಮತ್ತೆ ಮತ್ತೆ ಹೋಗಬೇಕು. ಹೀಗೆ ಅವೇ ಮನೆಗಳನ್ನು ವರ್ಷ ವರ್ಷವೂ ಹಿಂಬಾಲಿಸಿ ಕಲೆಹಾಕಿದ ಮಾಹಿತಿಗೆ ಪ್ಯಾನೆಲ್ ಡೇಟಾ ಎಂದು ಹೆಸರು. ಭಾರತದಲ್ಲಿ ಇದರ ಹೆಸರಾಂತ ಉದಾಹರಣೆ ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆ 1975ರಲ್ಲಿ ಆರಂಭಿಸಿದ ಗ್ರಾಮ ಅಧ್ಯಯನ. ಆಗಿನ ಮಹಬೂಬ್‌ನಗರ, ಸೊಲ್ಲಾಪುರ, ಅಕೋಲಾ ಜಿಲ್ಲೆಗಳಲ್ಲಿ ತಲಾ ಎರಡರಂತೆ ಆರು ಹಳ್ಳಿಗಳನ್ನು ಆರಿಸಿ, ಪ್ರತಿ ಹಳ್ಳಿಯಲ್ಲೂ 40 ಮನೆಗಳನ್ನು ಗುರುತಿಸಿದರು: ಭೂಮಿ ಇಲ್ಲದ ಕೂಲಿಕಾರರು 10, ಸಣ್ಣ, ಮಧ್ಯಮ, ದೊಡ್ಡ ಹಿಡುವಳಿಯವರು ತಲಾ 10. ಮಾಹಿತಿ ಬರೆದುಕೊಳ್ಳುವವರು ಹಳ್ಳಿಯಲ್ಲೇ ವಾಸವಿದ್ದು, ಮೂರು ನಾಲ್ಕು ವಾರಕ್ಕೊಮ್ಮೆ ಅದೇ ಬಾಗಿಲು ತಟ್ಟುತ್ತಿದ್ದರು. ಹತ್ತು ವರ್ಷ ಹೀಗೇ ನಡೆಯಿತು. 2001ರ ನಂತರ ಕೆಲಸ ಮತ್ತೆ ಶುರುವಾಗಿ, 2009ರ ಹೊತ್ತಿಗೆ ಹಳ್ಳಿಗಳ ಪಟ್ಟಿ ಬೆಳೆದಾಗ ವಿಜಯಪುರ ಜಿಲ್ಲೆಯ ಕಪನಿಂಬರಗಿ, ತುಮಕೂರು ಜಿಲ್ಲೆಯ ಬೆಲ್ಲದಮಡುಗು ಮುಂತಾದ ಕರ್ನಾಟಕದ ಹಳ್ಳಿಗಳೂ ಅದಕ್ಕೆ ಸೇರಿದವು.

ಅಂಥ ನೋಟ್‌ಬುಕ್ಕುಗಳಿಂದ ಕೈಗುಣವನ್ನು ಕಳೆಯುವುದು ಹೇಗೆ? ಒಂದು ಪುಟ್ಟ ಲೆಕ್ಕ ಮಾಡಿ ನೋಡಬಹುದು. ಕೆಳಗಿನ ಊರು, ಮನೆ, ಅಂಕಿ ಎಲ್ಲವೂ ಲೆಕ್ಕಕ್ಕೆಂದೇ ಕಟ್ಟಿದವು. ಕಾಗದ ಪೆನ್ಸಿಲ್ ಹಿಡಿದು ಕೂತರೆ ಹತ್ತು ನಿಮಿಷದಲ್ಲಿ ಮುಗಿಯುವಷ್ಟು ಚಿಕ್ಕವು.

ಮೂರು ಮನೆ, ಮೂರು ವರ್ಷ

ಊರಿನಲ್ಲಿ ಮೂರು ಮನೆ: ದಿಬ್ಬದ ಮನೆ, ಗುಡಿಮನೆ, ಕೆರೆಮನೆ. ಎಲ್ಲರದೂ ಮಳೆ ನಂಬಿದ ರಾಗಿ ಹೊಲ. ಮೂರು ವರ್ಷ ಎಕರೆಗೆ ಎಷ್ಟು ಗಾಡಿ ಕೊಟ್ಟಿಗೆ ಗೊಬ್ಬರ ಹೊಡೆದರು, ಎಷ್ಟು ಕ್ವಿಂಟಾಲ್ ರಾಗಿ ಬಂತು ಎಂಬುದನ್ನು ಬರೆದಿಡಲಾಗಿದೆ.

| ಮನೆ | ವರ್ಷ | ಗೊಬ್ಬರ (ಗಾಡಿ) | ರಾಗಿ (ಕ್ವಿಂಟಾಲ್) |
|---|---|---|---|
| ದಿಬ್ಬದ ಮನೆ | 1 | 1 | 5 |
| ದಿಬ್ಬದ ಮನೆ | 2 | 3 | 6 |
| ದಿಬ್ಬದ ಮನೆ | 3 | 2 | 7 |
| ಗುಡಿಮನೆ | 1 | 3 | 9 |
| ಗುಡಿಮನೆ | 2 | 2 | 8 |
| ಗುಡಿಮನೆ | 3 | 4 | 10 |
| ಕೆರೆಮನೆ | 1 | 5 | 14 |
| ಕೆರೆಮನೆ | 2 | 4 | 11 |
| ಕೆರೆಮನೆ | 3 | 3 | 11 |

ಪ್ರಶ್ನೆ ಸರಳವಾದದ್ದು: ಇನ್ನೊಂದು ಗಾಡಿ ಗೊಬ್ಬರ ಹೊಡೆದರೆ ಎಷ್ಟು ರಾಗಿ ಹೆಚ್ಚಾಗುತ್ತದೆ? ಉತ್ತರದ ಮೇಲೆ ದುಡ್ಡಿನ ಲೆಕ್ಕ ನಿಂತಿದೆ. ಒಂದು ಗಾಡಿ ಗೊಬ್ಬರ ಕೊಂಡು, ತಂದು, ಹರಡಿಸಲು ಒಂದೂವರೆ ಕ್ವಿಂಟಾಲ್ ರಾಗಿಯ ಬೆಲೆಯಷ್ಟು ಖರ್ಚಾಗುತ್ತದೆ ಎಂದುಕೊಳ್ಳೋಣ.

ಮೊದಲು ಮನೆ ಯಾವುದೆಂಬುದನ್ನು ಮರೆತು, ಒಂಬತ್ತು ಸಾಲುಗಳನ್ನೂ ಒಂದೇ ರಾಶಿ ಮಾಡುವ ಲೆಕ್ಕ. ಒಂಬತ್ತರ ಗೊಬ್ಬರದ ಸರಾಸರಿ 3 ಗಾಡಿ, ರಾಗಿಯ ಸರಾಸರಿ 9 ಕ್ವಿಂಟಾಲ್. ಪ್ರತಿ ಸಾಲಿನಲ್ಲೂ ಗೊಬ್ಬರ 3ಕ್ಕಿಂತ ಎಷ್ಟು ಹೆಚ್ಚು ಕಡಿಮೆ, ರಾಗಿ 9ಕ್ಕಿಂತ ಎಷ್ಟು ಹೆಚ್ಚು ಕಡಿಮೆ ಎಂದು ಬರೆದುಕೊಳ್ಳಬೇಕು. ಈ ಎರಡು ವ್ಯತ್ಯಾಸಗಳನ್ನು ಗುಣಿಸಿ ಎಲ್ಲ ಸಾಲುಗಳನ್ನು ಕೂಡಿದರೆ 24. ಗೊಬ್ಬರದ ವ್ಯತ್ಯಾಸಗಳ ವರ್ಗಗಳನ್ನು ಕೂಡಿದರೆ 12. ಇಪ್ಪತ್ತನಾಲ್ಕನ್ನು ಹನ್ನೆರಡರಿಂದ ಭಾಗಿಸಿದರೆ 2. ಚುಕ್ಕಿಗಳ ನಡುವೆ ಅತ್ಯಂತ ಹೊಂದಿಕೆಯಾಗುವ ಗೆರೆ ಎಳೆಯುವ ಲೀಸ್ಟ್ ಸ್ಕ್ವೇರ್ಸ್ ವಿಧಾನ ಎಂದರೆ ಇಷ್ಟೇ. ಅದರ ಪ್ರಕಾರ ಗಾಡಿಗೆ 2 ಕ್ವಿಂಟಾಲ್ ಲಾಭ. ಒಂದೂವರೆ ಕ್ವಿಂಟಾಲಿನ ಖರ್ಚು ಕಳೆದರೂ ಅರ್ಧ ಕ್ವಿಂಟಾಲ್ ಮಿಕ್ಕಿತು. ‘ಸಾಲ ಮಾಡಿಯಾದರೂ ಗೊಬ್ಬರ ಹೊಡೆಸಿ’ ಎಂದು ದಿಬ್ಬದ ಮನೆಯವರಿಗೆ ಸಲಹೆ ಕೊಡಬಹುದು.

ಆದರೆ ಪಟ್ಟಿಯನ್ನು ಇನ್ನೊಮ್ಮೆ ನೋಡಿದರೆ ಬೇರೊಂದು ಸಂಗತಿ ಕಾಣುತ್ತದೆ. ದಿಬ್ಬದ ಮನೆಯವರೂ ಎರಡನೇ ವರ್ಷ 3 ಗಾಡಿ ಹೊಡೆದಿದ್ದಾರೆ, ಬಂದದ್ದು 6 ಕ್ವಿಂಟಾಲ್. ಗುಡಿಮನೆಯವರು ಮೊದಲ ವರ್ಷ ಅಷ್ಟೇ 3 ಗಾಡಿ ಹೊಡೆದರು, 9 ಬಂತು. ಕೆರೆಮನೆಯವರು ಮೂರನೇ ವರ್ಷ ಹೊಡೆದದ್ದೂ 3 ಗಾಡಿಯೇ, ಬಂದದ್ದು 11. ಗೊಬ್ಬರ ಸಮನಾಗಿದ್ದರೂ ಫಸಲು ಸಮನಾಗಿಲ್ಲ. ಮನೆಯೇ ಏನನ್ನೋ ಸೇರಿಸುತ್ತಿದೆ. ಹಾಗೆ ಹೆಚ್ಚು ಸೇರಿಸುವ ಕೆರೆಮನೆಯೇ ಸರಾಸರಿಯಲ್ಲಿ ಹೆಚ್ಚು ಗೊಬ್ಬರ ಹೊಡೆಯುವ ಮನೆ.

ಪ್ರತಿ ಮನೆಗೂ ಅದರದೇ ಸೊನ್ನೆ

ಈಗ ಎರಡನೇ ಲೆಕ್ಕ. ಊರಿನ ಸರಾಸರಿಯನ್ನು ಪಕ್ಕಕ್ಕಿಟ್ಟು, ಪ್ರತಿ ಮನೆಗೂ ಅದರದೇ ಮೂರು ವರ್ಷದ ಸರಾಸರಿ ತೆಗೆಯಬೇಕು. ದಿಬ್ಬದ ಮನೆಗೆ ಗೊಬ್ಬರ 2, ರಾಗಿ 6. ಗುಡಿಮನೆಗೆ 3 ಮತ್ತು 9. ಕೆರೆಮನೆಗೆ 4 ಮತ್ತು 12. ಬಳಿಕ ಪ್ರತಿ ಸಾಲಿನಿಂದಲೂ ಆಯಾ ಮನೆಯ ಸರಾಸರಿಯನ್ನು ಕಳೆಯಬೇಕು. ದಿಬ್ಬದ ಮನೆಯ ಮೊದಲ ವರ್ಷದಲ್ಲಿ ಗೊಬ್ಬರ 1 − 2 = −1, ರಾಗಿ 5 − 6 = −1. ಕೆರೆಮನೆಯ ಮೊದಲ ವರ್ಷದಲ್ಲಿ ಗೊಬ್ಬರ 5 − 4 = 1, ರಾಗಿ 14 − 12 = 2. ಹೀಗೆ ಒಂಬತ್ತೂ ಸಾಲು ಮುಗಿಸಿದಾಗ ಪಟ್ಟಿ ಹೀಗಾಗುತ್ತದೆ.

| ಮನೆ | ವರ್ಷ | ಗೊಬ್ಬರದ ಏರಿಳಿತ | ರಾಗಿಯ ಏರಿಳಿತ | ಗುಣಲಬ್ಧ |
|---|---|---|---|---|
| ದಿಬ್ಬದ ಮನೆ | 1 | −1 | −1 | 1 |
| ದಿಬ್ಬದ ಮನೆ | 2 | 1 | 0 | 0 |
| ದಿಬ್ಬದ ಮನೆ | 3 | 0 | 1 | 0 |
| ಗುಡಿಮನೆ | 1 | 0 | 0 | 0 |
| ಗುಡಿಮನೆ | 2 | −1 | −1 | 1 |
| ಗುಡಿಮನೆ | 3 | 1 | 1 | 1 |
| ಕೆರೆಮನೆ | 1 | 1 | 2 | 2 |
| ಕೆರೆಮನೆ | 2 | 0 | −1 | 0 |
| ಕೆರೆಮನೆ | 3 | −1 | −1 | 1 |

ಕೊನೆಯ ಕಾಲಂ ಕೂಡಿದರೆ 6. ಗೊಬ್ಬರದ ಏರಿಳಿತಗಳ ವರ್ಗಗಳನ್ನು ಕೂಡಿದರೂ 6. ಭಾಗಿಸಿದರೆ 1. ಒಂದು ಗಾಡಿ ಗೊಬ್ಬರಕ್ಕೆ ಸಿಕ್ಕಿದ್ದು 1 ಕ್ವಿಂಟಾಲ್. ಖರ್ಚು ಒಂದೂವರೆ ಕ್ವಿಂಟಾಲ್. ಅರ್ಧ ಕ್ವಿಂಟಾಲ್ ಲಾಭ ಎಂದು ತೋರಿದ್ದು ಅರ್ಧ ಕ್ವಿಂಟಾಲ್ ನಷ್ಟವಾಯಿತು. ಅಂಕಿಗಳು ಅವೇ ಒಂಬತ್ತು, ಕಳೆದ ಸರಾಸರಿ ಮಾತ್ರ ಬೇರೆ.

ಎರಡನೇ ಪಟ್ಟಿಯಲ್ಲಿ ಕೆರೆಮನೆ ದೊಡ್ಡದಾಗಿಯೂ ಕಾಣುವುದಿಲ್ಲ, ದಿಬ್ಬದ ಮನೆ ಸಣ್ಣದಾಗಿಯೂ ಕಾಣುವುದಿಲ್ಲ. ಮೂರೂ ಮನೆಗಳು ತಮ್ಮ ತಮ್ಮ ಸೊನ್ನೆಯ ಸುತ್ತ ಏರಿಳಿಯುತ್ತಿವೆ. ಮಕ್ಕಳ ಎತ್ತರ ಅಳೆಯುವಾಗ ಒಬ್ಬ ಮೆಟ್ಟಿಲ ಮೇಲೆ, ಇನ್ನೊಬ್ಬ ಅಂಗಳದಲ್ಲಿ ನಿಂತಿದ್ದರೆ ಇಬ್ಬರನ್ನೂ ಒಂದೇ ನೆಲಕ್ಕೆ ಕರೆದು ನಿಲ್ಲಿಸಬೇಕು. ಸರಾಸರಿ ಕಳೆಯುವುದೆಂದರೆ ಕಾಲಡಿಯ ಮೆಟ್ಟಿಲನ್ನು ತೆಗೆದುಹಾಕಿದ ಹಾಗೆ.

ಕಾಣದ್ದು ಹೋದದ್ದು ಹೇಗೆ

ಕೈಗುಣವನ್ನು ಯಾರೂ ಅಳೆಯಲೇ ಇಲ್ಲ. ಅಳೆಯದೆಯೇ ಅದನ್ನು ತೆಗೆಯಲು ಸಾಧ್ಯವಾದದ್ದು ಹೇಗೆ?

ಒಂದು ಮನೆಯ ಒಂದು ವರ್ಷದ ಫಸಲನ್ನು ಮೂರು ತುಂಡು ಮಾಡಿಕೊಳ್ಳೋಣ. ಮೊದಲನೆಯದು ಆ ಮನೆಯ ಕೈಗುಣ ಮತ್ತು ಮಣ್ಣಿನ ಪಾಲು. ಅದು ವರ್ಷದಿಂದ ವರ್ಷಕ್ಕೆ ಬದಲಾಗುವುದಿಲ್ಲ. ಎರಡನೆಯದು ಆ ವರ್ಷ ಹೊಡೆದ ಗೊಬ್ಬರದ ಪಾಲು. ಮೂರನೆಯದು ಹಂದಿ ನುಗ್ಗಿದ್ದು, ತೆನೆ ಬಲಿಯುವಾಗ ಮಳೆ ಹಿಡಿದದ್ದು ಇತ್ಯಾದಿ ಆ ವರ್ಷದ ಬಿಡಿ ಸಂಗತಿಗಳು. ಸೂತ್ರವಾಗಿ ಬರೆದರೆ:

```
y_it = a_i + b·x_it + e_it
```

ಇಲ್ಲಿ `y` ಫಸಲು, `x` ಗೊಬ್ಬರ, `a` ಕೈಗುಣ, `e` ಬಿಡಿ ಸಂಗತಿಗಳು. `i` ಎಂದರೆ ಯಾವ ಮನೆ, `t` ಎಂದರೆ ಯಾವ ವರ್ಷ. `a` ಬಳಿ `i` ಮಾತ್ರ ಇದೆ, `t` ಇಲ್ಲ. ಇಡೀ ವಿಧಾನ ನಿಂತಿರುವುದೇ ಆ ಇಲ್ಲದ ಒಂದು ಅಕ್ಷರದ ಮೇಲೆ.

ಕೆರೆಮನೆಯ ಕೈಗುಣದ ಪಾಲು 8 ಕ್ವಿಂಟಾಲ್ ಎಂದಿರಲಿ. ಮೂರು ವರ್ಷವೂ 8, 8, 8. ಸರಾಸರಿಯೂ 8. ಯಾವುದೇ ವರ್ಷದಿಂದ ಸರಾಸರಿ ಕಳೆದರೆ 8 − 8 = 0. ಅದು 8 ಆಗಿರದೆ 80 ಆಗಿದ್ದರೂ ಉತ್ತರ ಸೊನ್ನೆಯೇ. ಎಷ್ಟಿದೆ ಎಂದು ಗೊತ್ತಿಲ್ಲದಿದ್ದರೂ ಸೊನ್ನೆಯೇ. ಬದಲಾಗದ ಸಂಖ್ಯೆಗೆ ಅದರ ಸರಾಸರಿ ಅದೇ ಆಗಿರುವುದರಿಂದ, ಕಳೆದಾಗ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಗೊಬ್ಬರ ವರ್ಷ ವರ್ಷ ಬದಲಾಗುವುದರಿಂದ ಅದರಲ್ಲಿ ಮಾತ್ರ ಏನೋ ಉಳಿಯುತ್ತದೆ:

```
y_it − ȳ_i = b·(x_it − x̄_i) + (e_it − ē_i)
```

`a` ಎಲ್ಲಿಯೂ ಇಲ್ಲ. ಕೆರೆಗೋಡಿನ ಮಣ್ಣು, ಅಜ್ಜ ಕಲಿಸಿದ ಬೇಸಾಯ, ಕೂಗಿದರೆ ಬರುವ ನೆಂಟರು, ಕೇಳಬೇಕೆಂದು ಯಾರಿಗೂ ಹೊಳೆಯದ ಇನ್ನೂ ನೂರು ಸಂಗತಿಗಳು ಒಂದೇ ಕಳೆಯುವಿಕೆಯಲ್ಲಿ ಹೋದವು. ಅವುಗಳ ಪಟ್ಟಿ ಮಾಡುವ ಅಗತ್ಯವೂ ಬೀಳಲಿಲ್ಲ.

ಉಳಿದ `b` 1 ಎಂದು ತಿಳಿದ ಮೇಲೆ ಹಿಂದಿರುಗಿ ಕೈಗುಣವನ್ನೂ ಅಂದಾಜು ಮಾಡಬಹುದು. ದಿಬ್ಬದ ಮನೆಯ ಸರಾಸರಿ 6 ಕ್ವಿಂಟಾಲಿನಲ್ಲಿ 2 ಗಾಡಿ ಗೊಬ್ಬರದ ಪಾಲು 2, ಮಿಕ್ಕ 4 ಮನೆಯದು. ಇದೇ ರೀತಿ ಗುಡಿಮನೆಗೆ 6, ಕೆರೆಮನೆಗೆ 8. ಮನೆಯ ಪಾಲು 4, 6, 8 ಎಂದು ಏರುತ್ತದೆ. ಸರಾಸರಿ ಗೊಬ್ಬರವೂ 2, 3, 4 ಎಂದು ಜೊತೆಜೊತೆಗೇ ಏರುತ್ತದೆ. ರಾಶಿ ಲೆಕ್ಕ ದಾರಿ ತಪ್ಪಿದ್ದು ಇಲ್ಲೇ. ಮನೆಗಳ ಸರಾಸರಿಗಳನ್ನಷ್ಟೇ ಇಟ್ಟುಕೊಂಡು ಗೆರೆ ಎಳೆದರೆ ಗಾಡಿಗೆ 3 ಕ್ವಿಂಟಾಲ್ ಎಂದು ಬರುತ್ತದೆ. ಮನೆಯೊಳಗಿನ ಲೆಕ್ಕ 1 ಎನ್ನುತ್ತದೆ. ರಾಶಿ ಲೆಕ್ಕದ 2 ಇವೆರಡರ ಮಿಶ್ರಣ. ಇಲ್ಲಿ ಗೊಬ್ಬರದ ಒಟ್ಟು ಏರಿಳಿತವಾದ 12ರಲ್ಲಿ ಅರ್ಧ ಮನೆಗಳ ನಡುವಿನದು, ಅರ್ಧ ಮನೆಯೊಳಗಿನದು. ಅದಕ್ಕೇ ಸರಿಯಾಗಿ ಮಧ್ಯದ ಸಂಖ್ಯೆ ಬಂತು.

ಇದೇ ಉತ್ತರಕ್ಕೆ ಇನ್ನೆರಡು ದಾರಿಗಳಿವೆ. ಒಂದು, ಪ್ರತಿ ಮನೆಗೂ ‘ಈ ಮನೆಯೇ? ಹೌದಾದರೆ 1, ಇಲ್ಲವಾದರೆ 0’ ಎಂಬ ಒಂದೊಂದು ಕಾಲಂ ಸೇರಿಸಿ ಲೆಕ್ಕ ಮಾಡುವುದು. ಇವಕ್ಕೆ ಡಮ್ಮಿ ಎನ್ನುತ್ತಾರೆ. ಉತ್ತರ ಚಾಚೂ ತಪ್ಪದೆ ಅದೇ 1. ಆದರೆ ಮುಂಡ್ಲಾಕ್ ಕಾಲದಲ್ಲಿ 66 ಮನೆಗೆ 66 ಕಾಲಂ ಸೇರಿಸಿ ಬಿಡಿಸುವುದು ದೊಡ್ಡ ಕೆಲಸ, ಸರಾಸರಿ ಕಳೆಯುವುದು ಗುಮಾಸ್ತರೂ ಮಾಡಬಹುದಾದ ಕೆಲಸ. ಎರಡನೆಯ ದಾರಿಯನ್ನು ಮುಂಡ್ಲಾಕ್ ಅವರೇ 1978ರಲ್ಲಿ ತೋರಿಸಿದರು: ಏನನ್ನೂ ಕಳೆಯದೆ, ಆ ವರ್ಷದ ಗೊಬ್ಬರದ ಪಕ್ಕದಲ್ಲೇ ಆ ಮನೆಯ ಸರಾಸರಿ ಗೊಬ್ಬರವನ್ನು ಇನ್ನೊಂದು ಕಾಲಂ ಆಗಿ ಇಡುವುದು. ಮೇಲಿನ ಅಂಕಿಗಳಿಗೆ ಹಾಗೆ ಮಾಡಿದರೆ ಆ ವರ್ಷದ ಗೊಬ್ಬರಕ್ಕೆ 1, ಮನೆಯ ಸರಾಸರಿ ಗೊಬ್ಬರಕ್ಕೆ 2 ಎಂದು ಬರುತ್ತದೆ. ಈ ಎರಡನೇ ಸಂಖ್ಯೆ ಒಂದು ಎಚ್ಚರಿಕೆ ಗಂಟೆ. ಅದು ಸೊನ್ನೆಯ ಹತ್ತಿರ ಇದ್ದಿದ್ದರೆ ಕೈಗುಣಕ್ಕೂ ಗೊಬ್ಬರಕ್ಕೂ ನಂಟಿಲ್ಲ, ರಾಶಿ ಲೆಕ್ಕವೇ ಸಾಕಿತ್ತು ಎಂದು ತಿಳಿಯಬಹುದಿತ್ತು. 2 ಬಂದದ್ದರಿಂದ ನಂಟು ಗಟ್ಟಿಯಾಗಿಯೇ ಇದೆ.

ಕಳೆಯುವಾಗ ಏನೇನು ಹೋಗುತ್ತದೆ

ಈ ವಿಧಾನ ಬದಲಾಗದ್ದನ್ನೆಲ್ಲ ಅಳಿಸುತ್ತದೆ. ಬೇಡದ್ದನ್ನು ಮಾತ್ರ ಆರಿಸಿ ಅಳಿಸುವ ಜಾಣತನ ಅದಕ್ಕಿಲ್ಲ. ಮನೆ ಯಜಮಾನರು ಎಷ್ಟನೇ ತರಗತಿ ಓದಿದ್ದಾರೆ, ಹೊಲ ಕೆಂಪು ಮಣ್ಣಿನದೋ ಕಪ್ಪು ಮಣ್ಣಿನದೋ, ಕುಟುಂಬದ ಜಾತಿ ಯಾವುದು, ಇವೆಲ್ಲ ನಮೂನೆಯಲ್ಲಿ ಅಚ್ಚುಕಟ್ಟಾಗಿ ಬರೆದಿದ್ದರೂ ಮೂರು ವರ್ಷವೂ ಅವೇ. ಸರಾಸರಿ ಕಳೆದಾಗ ಇಡೀ ಕಾಲಂ ಸೊನ್ನೆಗಳಿಂದ ತುಂಬುತ್ತದೆ. ‘ಶಿಕ್ಷಣದಿಂದ ಇಳುವರಿ ಹೆಚ್ಚುತ್ತದೆಯೇ?’ ಎಂಬ ಪ್ರಶ್ನೆ ಇಟ್ಟುಕೊಂಡು ಬಂದವರಿಗೆ ಈ ಲೆಕ್ಕದಲ್ಲಿ ಉತ್ತರವಿಲ್ಲ. ಕಂಪ್ಯೂಟರಿನಲ್ಲಿ ಮಾಡಿದರೆ ತಂತ್ರಾಂಶ ಆ ಕಾಲಮ್ಮನ್ನು ತಾನೇ ಕೈಬಿಡುತ್ತದೆ.

ಇದಕ್ಕಿಂತ ಅಪಾಯಕಾರಿಯಾದದ್ದು, ಬದಲಾಗುವುದನ್ನು ಬದಲಾಗದ್ದು ಎಂದು ನಂಬುವುದು. ಕೆರೆಮನೆಯ ಮೊದಲ ವರ್ಷವನ್ನೇ ತೆಗೆದುಕೊಳ್ಳಿ. ಆ ವರ್ಷ ಬೆಂಗಳೂರಿನಲ್ಲಿದ್ದ ಹಿರಿಯ ಮಗ ಕೆಲಸ ಬಿಟ್ಟು ಬಂದು ಮನೆಯಲ್ಲಿದ್ದ ಎನ್ನೋಣ. ಅವನೇ ಮುಂದೆ ನಿಂತು 5 ಗಾಡಿ ಗೊಬ್ಬರ ಹೊಡೆಸಿದ, ಕಳೆಯನ್ನೂ ಸಕಾಲಕ್ಕೆ ತೆಗೆಸಿದ. ಮರುವರ್ಷ ಹಿಂದಿರುಗಿದ. ಬಂದ 14 ಕ್ವಿಂಟಾಲಿನಲ್ಲಿ 1 ಕ್ವಿಂಟಾಲ್ ಅವನ ಕಳೆ ಕೆಲಸದ್ದಾಗಿದ್ದರೆ, ಅದನ್ನು ಬಿಟ್ಟು ಲೆಕ್ಕ ಮಾಡಿದಾಗ ಗುಣಲಬ್ಧಗಳ ಮೊತ್ತ 6ರಿಂದ 5ಕ್ಕೆ ಇಳಿದು, ಗೊಬ್ಬರದ ಫಲ ಗಾಡಿಗೆ ಸುಮಾರು 0.83 ಆಗುತ್ತದೆ. ಆ ಮಗನ ಶ್ರಮ ಒಂದೇ ವರ್ಷ ಇದ್ದು ಹೋದದ್ದರಿಂದ ಸರಾಸರಿ ಕಳೆದರೂ ಅದು ಹೋಗಲಿಲ್ಲ, ಗೊಬ್ಬರದ ಖಾತೆಗೆ ಜಮೆಯಾಯಿತು. ನಡುವೆ ಕೊಳವೆ ಬಾವಿ ತೋಡಿಸಿದ ಮನೆ, ಯಜಮಾನರು ಕಾಯಿಲೆ ಬಿದ್ದ ಮನೆ, ಇವುಗಳಿಗೂ ಇದೇ ಮಾತು. ಇಡೀ ಊರಿಗೆ ಒಂದೇ ಆಗಿ ಬರುವ ಮಳೆ, ಬರಗಾಲವನ್ನಾದರೆ ವರ್ಷದ ಸರಾಸರಿಯನ್ನೂ ಕಳೆದು ಸರಿಪಡಿಸಬಹುದು. ಮೇಲಿನ ಪಟ್ಟಿಯಲ್ಲಿ ಮೂರು ವರ್ಷವೂ ಊರಿನ ಒಟ್ಟು ಗೊಬ್ಬರ 9 ಗಾಡಿಯೇ ಆಗಿರುವುದರಿಂದ, ಹಾಗೆ ಕಳೆದರೂ ಉತ್ತರ 1 ಆಗಿಯೇ ಉಳಿಯುತ್ತದೆ.

ರಾಗಿ ಬೆಳೆಯುವ ಊರಿನಲ್ಲಿ ಇನ್ನೊಂದು ಸುಳಿ ಇದೆ. ಫಸಲು ಕೆಟ್ಟರೆ ಹುಲ್ಲೂ ಕಡಿಮೆ. ಹುಲ್ಲಿಲ್ಲದಿದ್ದರೆ ದನ ಮಾರಬೇಕಾಗುತ್ತದೆ. ದನ ಹೋದರೆ ಮುಂದಿನ ವರ್ಷ ಕೊಟ್ಟಿಗೆ ಗೊಬ್ಬರವೂ ಕಡಿಮೆ. ಅಂದರೆ ಈ ವರ್ಷದ ಬಿಡಿ ಸಂಗತಿ ಮುಂದಿನ ವರ್ಷದ ಗೊಬ್ಬರವನ್ನು ತೀರ್ಮಾನಿಸುತ್ತಿದೆ. ಮನೆಯ ಸರಾಸರಿಯಲ್ಲಿ ಎಲ್ಲ ವರ್ಷಗಳೂ ಸೇರಿರುವುದರಿಂದ ಈ ಸುಳಿ ಸರಾಸರಿಯ ಮೂಲಕ ಲೆಕ್ಕದೊಳಗೆ ನುಗ್ಗುತ್ತದೆ. ವರ್ಷಗಳು ಮೂರೋ ನಾಲ್ಕೋ ಆಗಿದ್ದಾಗ ಅದರ ಏಟು ಜೋರು. ಪತ್ತೆ ಹಚ್ಚಲು ಸರಳವಾದ ಒಂದು ಪರೀಕ್ಷೆ ಇದೆ: ಈ ವರ್ಷದ ಫಸಲಿನ ಲೆಕ್ಕಕ್ಕೆ ಮುಂದಿನ ವರ್ಷದ ಗೊಬ್ಬರವನ್ನೂ ಒಂದು ಕಾಲಂ ಆಗಿ ಸೇರಿಸುವುದು. ಇನ್ನೂ ಹೊಡೆಯದ ಗೊಬ್ಬರ ಈಗಾಗಲೇ ಕೊಯ್ದ ರಾಗಿಯನ್ನು ಹೆಚ್ಚಿಸಲಾರದು. ಹೆಚ್ಚಿಸಿದಂತೆ ಅಂಕಿ ತೋರಿದರೆ ಸುಳಿ ಇದೆ ಎಂದರ್ಥ.

ನೆನಪಿನ ತಪ್ಪೂ ಇಲ್ಲಿ ದುಬಾರಿಯಾಗುತ್ತದೆ. ‘ಮೂರೋ ನಾಲ್ಕೋ ಗಾಡಿ ಇರಬೇಕು’ ಎಂದು ರೈತ ಹೇಳುವ ಅಂದಾಜಿನಲ್ಲಿ ಸ್ವಲ್ಪ ಏರುಪೇರು ಸಹಜ. ಆ ಏರುಪೇರು ಒಟ್ಟು ಗೊಬ್ಬರದ ಲೆಕ್ಕಕ್ಕೆ 2ರಷ್ಟು ಸುಳ್ಳು ಏರಿಳಿತ ಸೇರಿಸಿತೆನ್ನೋಣ. ರಾಶಿ ಲೆಕ್ಕದಲ್ಲಿ ನಿಜ ಏರಿಳಿತ 12, ಸುಳ್ಳು 2: ಏಳರಲ್ಲಿ ಒಂದು ಪಾಲು. ಮನೆಯೊಳಗಿನ ಲೆಕ್ಕದಲ್ಲಿ ನಿಜ 6ಕ್ಕೆ ಇಳಿದಿದೆ. ನೆನಪಿನ ತಪ್ಪು ವರ್ಷ ವರ್ಷ ಬದಲಾಗುವುದರಿಂದ ಸರಾಸರಿ ಕಳೆದರೂ ಹೆಚ್ಚುಕಡಿಮೆ ಹಾಗೇ ನಿಲ್ಲುತ್ತದೆ: ನಾಲ್ಕರಲ್ಲಿ ಒಂದು ಪಾಲು. ಆಗ ಗಾಡಿಗೆ 1 ಎಂದು ಬರಬೇಕಾದದ್ದು 6ನ್ನು 8ರಿಂದ ಭಾಗಿಸಿದಂತೆ ಮುಕ್ಕಾಲಿಗೆ ಇಳಿಯುತ್ತದೆ. ಇಕ್ರಿಸ್ಯಾಟ್‌ನವರು ವರ್ಷಕ್ಕೊಮ್ಮೆ ಕೇಳಿ ಹೋಗದೆ ಮೂರು ನಾಲ್ಕು ವಾರಕ್ಕೊಮ್ಮೆ ಬಾಗಿಲು ತಟ್ಟುತ್ತಿದ್ದುದರ ಬೆಲೆ ಇಲ್ಲಿ ತಿಳಿಯುತ್ತದೆ. ಗಾಡಿ ಹೊಲದಲ್ಲಿ ನಿಂತಿರುವಾಗಲೇ ಎಣಿಸಿದರೆ ಎಣಿಕೆ ತಪ್ಪುವುದು ಕಡಿಮೆ.

ಕೈಲೆಕ್ಕ ಮಾಡುವವರು ಬೀಳುವ ಹಳ್ಳ ಇನ್ನೊಂದು. ಸರಾಸರಿಗಳನ್ನು ಕಳೆದ ಪಟ್ಟಿಯನ್ನು ಸಾಮಾನ್ಯ ತಂತ್ರಾಂಶಕ್ಕೆ ಕೊಟ್ಟರೆ ಅದಕ್ಕೆ ಹಿಂದೆ ನಡೆದದ್ದು ತಿಳಿಯದು. ಒಂಬತ್ತು ಸಾಲು ಇದೆ, ಅಂದಾಜು ಮಾಡಿದ್ದು ಒಂದೇ ಸಂಖ್ಯೆ, ಆದ್ದರಿಂದ ಎಂಟು ಸಾಲಿನಷ್ಟು ಬಲವಿದೆ ಎಂದುಕೊಳ್ಳುತ್ತದೆ. ನಿಜವಾಗಿ ಮೂರು ಮನೆಗಳ ಸರಾಸರಿಯನ್ನೂ ಇದೇ ಅಂಕಿಗಳಿಂದ ತೆಗೆದಿರುವುದರಿಂದ ಉಳಿದ ಬಲ ಐದೇ. ಮೇಲಿನ ಲೆಕ್ಕದಲ್ಲಿ ಗೊಬ್ಬರದಿಂದ ವಿವರಿಸಲಾಗದೆ ಉಳಿದ ವ್ಯತ್ಯಾಸಗಳ ವರ್ಗಗಳ ಮೊತ್ತ 4. ಅದನ್ನು 8ರಿಂದ ಭಾಗಿಸಿದರೆ ಉತ್ತರದ ಅನಿಶ್ಚಿತತೆ 0.29 ಎಂದು ತೋರುತ್ತದೆ. ಸರಿಯಾಗಿ 5ರಿಂದ ಭಾಗಿಸಿದರೆ 0.37. ಇಲ್ಲದ ಖಚಿತತೆ ಇದ್ದಂತೆ ಕಾಣುವುದು ಹೀಗೆ.

ಮನೆ ಎಂದರೆ ಯಾವುದು

ಇಷ್ಟೆಲ್ಲ ಲೆಕ್ಕದಲ್ಲೂ ಯಾರೂ ಪ್ರಶ್ನಿಸದೆ ಬಿಟ್ಟ ಒಂದು ಅಕ್ಷರ ಉಳಿದಿದೆ: `i`. ಅದು ಮನೆ. ವರ್ಷಗಳು ಕಳೆದರೂ ಮನೆ ಅದೇ ಮನೆ ಎಂದು ಸೂತ್ರ ನಂಬಿದೆ.

ನಾಲ್ಕನೇ ವರ್ಷ ಮಾಹಿತಿ ಬರೆದುಕೊಳ್ಳಲು ಹೋದವರಿಗೆ ಕೆರೆಮನೆಯಲ್ಲಿ ಎರಡು ಒಲೆ ಉರಿಯುತ್ತಿರುವುದು ಕಂಡಿತು ಎನ್ನೋಣ. ಅಣ್ಣತಮ್ಮಂದಿರು ಪಾಲಾಗಿದ್ದಾರೆ. ಕೆರೆಗೋಡಿನ ಹೊಲ ಅಣ್ಣನಿಗೆ ಹೋಗಿದೆ. ಹದ ನೋಡಿ ಬಿತ್ತುವ ಕಣ್ಣು ತಮ್ಮನದು. ದನಗಳು ಅರ್ಧ ಅರ್ಧ. ಇಷ್ಟು ವರ್ಷ ಒಂದಾಗಿ ಲೆಕ್ಕಕ್ಕೆ ಬಂದ 8 ಕ್ವಿಂಟಾಲಿನ ಕೈಗುಣ ಈಗ ಯಾವ ಒಲೆಯ ಪಾಲು?

ದೊಡ್ಡ ಸಮೀಕ್ಷೆಗಳೂ ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾರವು. ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಮತ್ತು ದೆಹಲಿಯ ಎನ್‌ಸಿಎಇಆರ್ ಸೇರಿ ನಡೆಸಿದ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆ 2004–05ರಲ್ಲಿ 41,554 ಮನೆಗಳನ್ನು ಮಾತಾಡಿಸಿತ್ತು. 2011–12ರಲ್ಲಿ ಮತ್ತೆ ಹೋದಾಗ ಅವುಗಳಲ್ಲಿ ಸುಮಾರು 83 ಶೇಕಡ ಸಿಕ್ಕವು. ಪಾಲಾಗಿ ಅದೇ ಊರಿನಲ್ಲಿ ಬೇರೆ ಒಲೆ ಹೂಡಿದವರನ್ನೂ ಹುಡುಕಿ ಮಾತಾಡಿಸಿದರು. ಅವರ ವಿವರ ಹೊಸ ಸಾಲಿನಲ್ಲಿ ಸೇರಿತು, ಜೊತೆಗೆ ಹಳೆಯ ಮನೆಯನ್ನು ತೋರುವ ಗುರುತೂ ಉಳಿಯಿತು.

ಸಂಶೋಧಕರ ಮುಂದೆ ಆಗ ಎರಡು ಆಯ್ಕೆ ಇರುತ್ತದೆ. ಅಣ್ಣತಮ್ಮಂದಿರಿಗೆ ಹಳೆಯ ಸಂಖ್ಯೆಯನ್ನೇ ಮುಂದುವರಿಸಿ ಇಬ್ಬರ ಹೊಲವನ್ನೂ ಕೂಡಿಸಿ ಒಂದೇ ಮನೆ ಎನ್ನಬಹುದು. ಆಗ ವರ್ಷಗಳ ಸರಪಳಿ ಉಳಿಯುತ್ತದೆ, ಆದರೆ ಯಾರ ಕೈಯಲ್ಲಿ ಯಾವ ಹೊಲವಿದೆ ಎಂಬುದು ಬದಲಾಗಿರುವುದರಿಂದ ಮೊದಲಿನ 8 ಈಗಲೂ 8 ಎಂಬ ಭರವಸೆ ಇಲ್ಲ. ಇಲ್ಲವೇ ಇಬ್ಬರಿಗೂ ಹೊಸ ಸಂಖ್ಯೆ ಕೊಡಬಹುದು. ಆಗ ಪ್ರತಿಯೊಬ್ಬರ ಸರಾಸರಿಯೂ ಹೊಸದಾಗಿ ಶುರುವಾಗುತ್ತದೆ. ಮೊದಲ ವರ್ಷ ಒಂದೇ ಸಾಲು ಇರುವಾಗ ಸರಾಸರಿಯೂ ಆ ಸಾಲೇ ಆಗಿ, ಕಳೆದ ಮೇಲೆ ಉಳಿಯುವುದು ಸೊನ್ನೆ. ಲೆಕ್ಕಕ್ಕೆ ಅವರಿಂದ ಏನಾದರೂ ಸಿಗಬೇಕಾದರೆ ಕನಿಷ್ಠ ಇನ್ನೊಂದು ಸುಗ್ಗಿ ಮುಗಿಯಬೇಕು, ನೋಟ್‌ಬುಕ್ ಹಿಡಿದವರು ಎರಡೂ ಬಾಗಿಲುಗಳನ್ನು ಮತ್ತೊಮ್ಮೆ ತಟ್ಟಬೇಕು.